ಬಾಣಂತಿಯ ತಲೆನೋವು ಮತ್ತು ಪ್ರೋಟೀನ್ ಸಿ

ಬಾಣಂತಿಗೆ ಹೆಚ್ಚು ನೀರು ಕೊಡಬಾರದು ಎಂಬ ನಂಬಿಕೆ ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. "ನೀರು ಕುಡದ್ರ ಹೊಟ್ಟಿ ಬರ್ತೈತಿ" ಎನ್ನುತ್ತಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕತ್ತಲ ಕೋಣೆ, ದಿನವಿಡೀ ಮಂಚ. ಹೀಗಿರುವಾಗ ಹತ್ತನೆಯ ದಿನಕ್ಕೆ ಅವಳಿಗೆ ತಲೆ ಸಿಡಿಯತೊಡಗುತ್ತದೆ. ಮರುದಿನ ಒಂದು ಕೈ ಅದುರುತ್ತದೆ, ಮಾತು ತೊದಲುತ್ತದೆ. ಆಗ ಮನೆಯಲ್ಲಿ ಮೊದಲು ಬರುವ ಮಾತು "ಏನೋ ಹೊಕ್ಕೈತಿ, ತಾಯತ ಕಟ್ಟಸೂನು". ಇನ್ನು ಕೆಲವರು ಬಾಣಂತಿ ಸನ್ನಿ ಎಂದು ಹೆಸರಿಟ್ಟು ಕಷಾಯ ಕುಡಿಸುತ್ತಾರೆ.

ಇಂಥ ಎಷ್ಟೋ ಹೆಣ್ಣುಮಕ್ಕಳ ತಲೆಯೊಳಗೆ ನಡೆದಿರುವುದು ಬೇರೆಯೇ. ಮೆದುಳಿನಿಂದ ರಕ್ತವನ್ನು ವಾಪಸ್ ಒಯ್ಯುವ ದೊಡ್ಡ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ರಕ್ತ ಹಿಂದೆ ಒತ್ತುತ್ತದೆ, ಮೆದುಳು ಬಾಯುತ್ತದೆ, ಫಿಟ್ಸ್ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳ ಹಿಂದೆಯೇ ಬಾಣಂತಿಯರ ಈ ಕಾಯಿಲೆಯ ಬಗ್ಗೆ ಬರೆದಿದ್ದಾರೆ. ಸಿರೆಗಳ ಚಿತ್ರ ತೆಗೆಯುವ ಎಂಆರ್ ವೀನೋಗ್ರಾಮ್ ಮಾಡಿದರೆ ಮುಚ್ಚಿದ ಸಿರೆ ಕಾಣುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೆನ್ನಾಗಿಯೇ ಎದ್ದು ಓಡಾಡುತ್ತಾರೆ. ತಾಯತ ಕಟ್ಟುವುದರಲ್ಲಿ ಕಳೆಯುವ ಎರಡು ದಿನ ಬಹಳ ದುಬಾರಿ.

ಆದರೆ ನೂರಾರು ಬಾಣಂತಿಯರು ಅದೇ ಕತ್ತಲ ಕೋಣೆಯಲ್ಲಿ ಮಲಗಿ, ಅಷ್ಟೇ ಕಡಿಮೆ ನೀರು ಕುಡಿದು, ಏನೂ ಆಗದೆ ಹೊರಗೆ ಬರುತ್ತಾರಲ್ವಾ? ಇವಳಿಗೇ ಏಕೆ? ಇದಕ್ಕೆ ಉತ್ತರ ಕೆಲವರಲ್ಲಿ ಹುಟ್ಟಿನಿಂದಲೇ ರಕ್ತದಲ್ಲಿರುತ್ತದೆ.

ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಮುಖ್ಯ ಕಿಣ್ವ ಥ್ರಾಂಬಿನ್. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಅನ್ನು ಅದು ಕತ್ತರಿಸಿ ಎಳೆಗಳ ಬಲೆಯಾಗಿಸುತ್ತದೆ. ಅಷ್ಟೇ ಅಲ್ಲ, ಫ್ಯಾಕ್ಟರ್ 5 ಮತ್ತು ಫ್ಯಾಕ್ಟರ್ 8 ಎಂಬ ಎರಡು ಪ್ರೋಟೀನುಗಳನ್ನು ಎಬ್ಬಿಸಿ, ಅವುಗಳ ಮೂಲಕ ಇನ್ನಷ್ಟು ಥ್ರಾಂಬಿನ್ ತಯಾರಾಗುವಂತೆ ಮಾಡುತ್ತದೆ. ಸ್ವಲ್ಪದಿಂದ ಬಹಳ, ಬಹಳದಿಂದ ಇನ್ನೂ ಬಹಳ. ತಡೆ ಇಲ್ಲದಿದ್ದರೆ ಬೆರಳಿನ ಗಾಯದಿಂದ ಶುರುವಾದ ಹೆಪ್ಪು ತೋಳಿನವರೆಗೂ ಏರೀತು.

ಮೊದಲ ತಡೆ ಆಂಟಿಥ್ರಾಂಬಿನ್. ಲಿವರಿನಲ್ಲಿ ತಯಾರಾಗಿ ರಕ್ತದಲ್ಲಿ ಸುತ್ತುತ್ತಿರುತ್ತದೆ. ಅದರ ಮೈಯಿಂದ ಒಂದು ಕುಣಿಕೆ ಹೊರಚಾಚಿರುತ್ತದೆ. ಥ್ರಾಂಬಿನ್ ಆ ಕುಣಿಕೆಯನ್ನು ಕತ್ತರಿಸಲು ಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ. ತುಂಡಾದ ಕುಣಿಕೆ ಒಳಕ್ಕೆ ಮಡಚುವಾಗ ಥ್ರಾಂಬಿನ್ ಕೂಡ ಎಳೆದುಕೊಂಡು ಹೋಗಿ ಸೊಟ್ಟಗಾಗುತ್ತದೆ. ಆಮೇಲೆ ಇಬ್ಬರಿಗೂ ಬಿಡುಗಡೆಯಿಲ್ಲ. ತಾನಾಗಿಯೇ ನಡೆದರೆ ಇದು ನಿಧಾನದ ಕೆಲಸ. ಹೆಪಾರಿನ್ ಜೊತೆಗಿದ್ದರೆ ಸುಮಾರು ಸಾವಿರ ಪಟ್ಟು ವೇಗ. ಆಸ್ಪತ್ರೆಯಲ್ಲಿ ಕೊಡುವ ಹೆಪಾರಿನ್ ಇಂಜೆಕ್ಷನ್ ತಾನೇ ನೇರವಾಗಿ ಹೆಪ್ಪು ತಡೆಯುವುದಿಲ್ಲ, ಆಂಟಿಥ್ರಾಂಬಿನ್ ಕೈಯಿಂದ ಕೆಲಸ ಮಾಡಿಸುತ್ತದೆ. ಅದಕ್ಕೇ ಆಂಟಿಥ್ರಾಂಬಿನ್ ತೀರಾ ಕಡಿಮೆ ಇರುವವರಿಗೆ ಮಾಮೂಲು ಪ್ರಮಾಣದ ಹೆಪಾರಿನ್ ಸಾಲದೆ ಹೋಗಬಹುದು. ವಂಶದಲ್ಲಿ ಹರಿಯುವ ಈ ಕೊರತೆಯನ್ನು ನಾರ್ವೆಯ ಒಂದು ಕುಟುಂಬದಲ್ಲಿ ಮೊದಲು ಗುರುತಿಸಿದವರು ಓಲಾವ್ ಎಗೆಬರ್ಗ್, 1965ರಲ್ಲಿ.

ಎರಡನೆಯ ತಡೆ ನನಗೆ ಎಷ್ಟು ಸಲ ಓದಿದರೂ ಹೊಸದೆನಿಸುತ್ತದೆ. ಇಲ್ಲಿ ಥ್ರಾಂಬಿನ್ ತನ್ನನ್ನು ತಾನೇ ತಡೆಯುತ್ತದೆ. ರಕ್ತನಾಳದ ಒಳಗೋಡೆಯ ಜೀವಕೋಶಗಳ ಮೇಲೆ ಥ್ರಾಂಬೊಮಾಡ್ಯುಲಿನ್ ಎಂಬ ಪ್ರೋಟೀನು ಇರುತ್ತದೆ. ಗಾಯದ ಜಾಗದಿಂದ ತೇಲಿಬಂದ ಥ್ರಾಂಬಿನ್ ಆರೋಗ್ಯವಾಗಿರುವ ಗೋಡೆಯನ್ನು ಮುಟ್ಟಿದ ಕೂಡಲೇ ಇದು ಹಿಡಿದುಕೊಳ್ಳುತ್ತದೆ. ಸಂತೆಯಲ್ಲಿ ಹಗ್ಗ ಹರಿದುಕೊಂಡು ನುಗ್ಗುವ ಹೋರಿಗೆ ಮೂಗುದಾರ ಹಾಕಿ ಹೊಲಕ್ಕೆ ಹೂಡಿದ ಹಾಗೆ. ಹೋರಿ ಅದೇ, ಕಸುವೂ ಅದೇ, ಎಳೆಯುವ ದಿಕ್ಕು ಮಾತ್ರ ಬೇರೆ. ಹೀಗೆ ಸಿಕ್ಕಿಬಿದ್ದ ಥ್ರಾಂಬಿನ್ ಇನ್ನು ಫೈಬ್ರಿನೋಜನ್ ಮುಟ್ಟುವುದಿಲ್ಲ. ಅದರ ಬದಲು ಪ್ರೋಟೀನ್ ಸಿ ಎಂಬುದನ್ನು ಕತ್ತರಿಸಿ ಎಬ್ಬಿಸುತ್ತದೆ. ಎದ್ದ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎಂಬ ಸಹಾಯಕನ ಜೊತೆ ಸೇರಿ, ಥ್ರಾಂಬಿನ್ ಎಬ್ಬಿಸಿದ್ದ ಆ ಫ್ಯಾಕ್ಟರ್ 5 ಮತ್ತು 8ನ್ನು ತುಂಡರಿಸುತ್ತದೆ. ಹೊಸ ಥ್ರಾಂಬಿನ್ ಹುಟ್ಟುವ ದಾರಿಯೇ ಮುಚ್ಚಿಹೋಗುತ್ತದೆ.

ಗೋಡೆ ಹರಿದ ಕಡೆ ಥ್ರಾಂಬೊಮಾಡ್ಯುಲಿನ್ ಇಲ್ಲ, ಆದ್ದರಿಂದ ಅಲ್ಲಿ ಹೆಪ್ಪು ಬೆಳೆಯುತ್ತದೆ. ಪಕ್ಕದ ಗಟ್ಟಿ ಗೋಡೆಯ ಕಡೆ ಬಂದರೆ ನಿಲ್ಲುತ್ತದೆ. ಹೆಪ್ಪು ಗಾಯದ ಜಾಗ ಬಿಟ್ಟು ಹರಡದಿರುವ ಗುಟ್ಟು ಇದೇ. 1960ರಲ್ಲೇ ವಾಲ್ಟರ್ ಸೀಗರ್ಸ್ ಹೆಪ್ಪು ತಡೆಯುವ ಇಂಥದ್ದೊಂದು ವಸ್ತುವಿನ ಬಗ್ಗೆ ಬರೆದಿದ್ದರು. 1976ರಲ್ಲಿ ಯೋಹಾನ್ ಸ್ಟೆನ್‌ಫ್ಲೋ ಹಸುವಿನ ರಕ್ತದಿಂದ ಪ್ರೋಟೀನ್ ಸಿ ಬೇರ್ಪಡಿಸಿದ ಮೇಲೆ ಎರಡೂ ಒಂದೇ ಎಂದು ತಿಳಿಯಿತು. ಆಮೇಲೆ ನಾಯಿಗಳ ರಕ್ತಕ್ಕೆ ಬಹಳ ಸ್ವಲ್ಪ ಥ್ರಾಂಬಿನ್ ಹರಿಸಿ ನೋಡಿದರು. ರಕ್ತ ಬೇಗ ಹೆಪ್ಪುಗಟ್ಟುವ ಬದಲು ತಡವಾಗಿ ಹೆಪ್ಪುಗಟ್ಟಿತು.

ಈಗ ಮತ್ತೆ ಬಾಣಂತಿಯ ಕೋಣೆಗೆ ಬರೋಣ. ಬಸುರಿನಲ್ಲಿ ದೇಹ ಹೆರಿಗೆಯ ರಕ್ತಸ್ರಾವಕ್ಕೆ ಮೊದಲೇ ತಯಾರಾಗುತ್ತದೆ. ಫೈಬ್ರಿನೋಜನ್, ಫ್ಯಾಕ್ಟರ್ 8 ಏರುತ್ತವೆ. ಪ್ರೋಟೀನ್ ಎಸ್ ಇಳಿಯುತ್ತದೆ. ಇದೆಲ್ಲ ಸಹಜ ಮಟ್ಟಕ್ಕೆ ಬರಲು ಹೆರಿಗೆಯಾದ ಮೇಲೂ ವಾರಗಳು ಬೇಕು. ಪ್ರೋಟೀನ್ ಸಿ ಪೂರ್ತಿ ಇದ್ದವಳು ಇದನ್ನು ತಾಳಿಕೊಳ್ಳುತ್ತಾಳೆ. ತಂದೆಯಿಂದಲೋ ತಾಯಿಯಿಂದಲೋ ಒಂದು ಕೆಟ್ಟ ಜೀನ್ ಬಂದವಳಲ್ಲಿ ಪ್ರೋಟೀನ್ ಸಿ ಹುಟ್ಟಿನಿಂದಲೇ ಅರ್ಧ. ಉಳಿದ ದಿನಗಳಲ್ಲಿ ಅರ್ಧವೂ ಸಾಕಾಗುತ್ತದೆ. ಈ ದಿನಗಳಲ್ಲಿ ಅದರ ಸಹಾಯಕನೂ ಅರೆಬರೆ. ಅದರ ಮೇಲೆ ನೀರಿಲ್ಲದೆ ರಕ್ತ ಗಟ್ಟಿ, ಓಡಾಟವಿಲ್ಲ.

ಲೆಕ್ಕ ತಿಳಿಯಲಿ ಎಂದು ನಾನೇ ಕಟ್ಟಿದ ಒಂದು ಉದಾಹರಣೆ ನೋಡಿ. ಜಮಖಂಡಿ ಕಡೆಯ ತವರುಮನೆಯಲ್ಲಿ ಬಾಣಂತನಕ್ಕಿದ್ದ 24ರ ಹೆಣ್ಣುಮಗಳು. ಫಿಟ್ಸ್ ಬಂದು ವಿಜಯಪುರದ ಒಂದು ಆಸ್ಪತ್ರೆಗೆ ಸೇರಿಸಿದರು. ಮೆದುಳಿನ ಸಿರೆಯಲ್ಲಿ ಹೆಪ್ಪು ಕಂಡು ಹೆಪಾರಿನ್ ಶುರುವಾಯಿತು. ಮೂರನೆಯ ದಿನ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ವರದಿ ಹೀಗಿದೆ: ಆಂಟಿಥ್ರಾಂಬಿನ್ ಸಹಜ ಮಟ್ಟದ ಶೇಕಡ 66, ಪ್ರೋಟೀನ್ ಸಿ 48, ಪ್ರೋಟೀನ್ ಎಸ್ 31. ಮೂರರ ಮುಂದೂ ಕಡಿಮೆ ಎಂಬ ಗುರುತು. ಮನೆಯವರು ಮೂರು ವಂಶದ ರೋಗ ಎಂದು ಕಂಗಾಲು.

ಈ ವರದಿಯಿಂದ ಏನೂ ತೀರ್ಮಾನ ಮಾಡಲಾಗುವುದಿಲ್ಲ. ಹೆಪಾರಿನ್ ಪಡೆಯುತ್ತಿರುವವರಲ್ಲಿ ಆಂಟಿಥ್ರಾಂಬಿನ್ ಇಳಿದಿರುತ್ತದೆ, ಯಾಕೆಂದರೆ ಅದು ಖರ್ಚಾಗುತ್ತಿದೆ. ಬಾಣಂತಿಯಲ್ಲಿ ಪ್ರೋಟೀನ್ ಎಸ್ ಇಳಿದೇ ಇರುತ್ತದೆ. ದೊಡ್ಡ ಹೆಪ್ಪು ಈಗಷ್ಟೇ ಆದಾಗ ಮೂರೂ ಸ್ವಲ್ಪ ಸ್ವಲ್ಪ ಇಳಿಯಬಹುದು. ಒಂದು ವೇಳೆ ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ಶುರುವಾದ ಮೇಲೆ ರಕ್ತ ತೆಗೆದಿದ್ದರೆ ಸಿ ಮತ್ತು ಎಸ್ ಎರಡೂ ಇನ್ನೂ ತಳ ಕಂಡಿರುತ್ತಿದ್ದವು. ಎರಡನ್ನೂ ತಯಾರಿಸಲು ಲಿವರಿಗೆ ವಿಟಮಿನ್ ಕೆ ಬೇಕು, ವಾರ್ಫರಿನ್ ಅದಕ್ಕೇ ಅಡ್ಡಗಾಲು. ಇಂಥ ಹೊತ್ತಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಈ ಪರೀಕ್ಷೆ ಮಾಡಿಸುವುದು ದುಡ್ಡು ಹಾಳು. ಅವತ್ತಿನ ಚಿಕಿತ್ಸೆಯೂ ಅದರಿಂದ ಸಾಮಾನ್ಯವಾಗಿ ಬದಲಾಗುವುದಿಲ್ಲ.

ವಾರ್ಫರಿನ್ ಮಾತು ಬಂತು, ಇಲ್ಲಿ ಒಂದು ಅಪಾಯವಿದೆ. ಅದು ಹೆಪ್ಪು ಕಟ್ಟಿಸುವ ಪ್ರೋಟೀನುಗಳನ್ನೂ ಇಳಿಸುತ್ತದೆ, ಪ್ರೋಟೀನ್ ಸಿಯನ್ನೂ ಇಳಿಸುತ್ತದೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ರಕ್ತದಲ್ಲಿರುವ ಪ್ರೋಟೀನ್ ಸಿ ಆರರಿಂದ ಎಂಟು ಗಂಟೆಯಲ್ಲಿ ಅರ್ಧ ಖಾಲಿ. ಥ್ರಾಂಬಿನ್ನಿನ ಮೂಲವಸ್ತು ಪ್ರೋಥ್ರಾಂಬಿನ್ ಅರ್ಧವಾಗಲು ಎರಡು ದಿನದ ಮೇಲೆ ಬೇಕು. ಅಂದರೆ ಮೊದಲ ಕೆಲವು ದಿನ ರಕ್ತ ಹೆಪ್ಪುಗಟ್ಟುವ ಕಡೆಗೇ ವಾಲುತ್ತದೆ. ಪ್ರೋಟೀನ್ ಸಿ ಮೊದಲೇ ಅರ್ಧ ಇದ್ದವರಲ್ಲಿ ಇದು ಇನ್ನೂ ಜಾಸ್ತಿ. ಅಪರೂಪಕ್ಕೆ ಮೂರರಿಂದ ಐದನೆಯ ದಿನದ ಹೊತ್ತಿಗೆ ತೊಡೆ, ಪಿರ್ರೆ ಅಥವಾ ಎದೆಯ ಚರ್ಮದ ಸಣ್ಣ ನಾಳಗಳು ಮುಚ್ಚಿ, ಚರ್ಮ ನೋಯುತ್ತಾ ಕೆಂಪಾಗಿ, ಕಪ್ಪಾಗಿ ಸಾಯುತ್ತದೆ. ಅದಕ್ಕೇ ವೈದ್ಯರು ಹೆಪಾರಿನ್ ನಿಲ್ಲಿಸದೆ ಕನಿಷ್ಠ ಐದು ದಿನ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ 2 ದಾಟಿ ನಿಂತ ಮೇಲೆಯೇ ಇಂಜೆಕ್ಷನ್ ಬಿಡುವುದು. ಮಾತ್ರೆ ಸಿಕ್ಕಿತಲ್ಲ ಎಂದು ಇಂಜೆಕ್ಷನ್ ಅರ್ಧಕ್ಕೇ ಬಿಟ್ಟು ಮನೆಗೆ ಹೊರಡುವವರು ಇದನ್ನು ದಯವಿಟ್ಟು ಗಮನಿಸಬೇಕು.

ನಮ್ಮ ಹೆಣ್ಣುಮಗಳು ಆರು ತಿಂಗಳು ವಾರ್ಫರಿನ್ ತಗೊಂಡಳು. ವೈದ್ಯರು ನಿಲ್ಲಿಸಿದ ಒಂದು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಆಂಟಿಥ್ರಾಂಬಿನ್ 97, ಪ್ರೋಟೀನ್ ಎಸ್ 84. ಎರಡೂ ಸರಿಯಾದವು. ಪ್ರೋಟೀನ್ ಸಿ ಮಾತ್ರ 47ರಲ್ಲೇ ಇದೆ. ಆಮೇಲೆ ತಂದೆಯದು ನೋಡಿದರೆ 51. ತಾಯಿಯದು 104. ಈಗ ವಂಶದ ಕೊರತೆ ಎಂದು ಧೈರ್ಯವಾಗಿ ಹೇಳಬಹುದು. ತಂದೆಗೆ ಈವರೆಗೆ ಏನೂ ಆಗಿಲ್ಲ. ಅರ್ಧ ಇದ್ದೂ ಜೀವನಪೂರ್ತಿ ಹೆಪ್ಪು ಕಾಣದವರು ಬಹಳ ಜನ ಇದ್ದಾರೆ. ಅವರಿಗೆ ಸುಮ್ನೆ ಮಾತ್ರೆ ಬೇಕಿಲ್ಲ.

ಮಗಳಿಗೆ ಮಾತ್ರ ಕೆಲವು ವಿಷಯ ಬದಲಾಗುತ್ತವೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಬೇಡ, ಕಾಪರ್-ಟಿ ಆಗಬಹುದು. ಮುಂದಿನ ಬಸುರಿನಲ್ಲಿ ಹೆಪಾರಿನ್ ಜಾತಿಯ ಇಂಜೆಕ್ಷನ್ ಬೇಕಾಗುತ್ತದೆ, ಹೆರಿಗೆಯ ಮೇಲೆ ಆರು ವಾರವಂತೂ ತಪ್ಪಿಸುವಂತಿಲ್ಲ.

ಇನ್ನೊಂದು ವಿಷಯ ಮನೆಯ ಹಿರಿಯರ ಎದುರೇ ಆಡಬೇಕು. ನಮ್ಮಲ್ಲಿ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಈಗಲೂ ಇದೆ. ಮಾವನಲ್ಲಿ ಈ ದೋಷ ಇದ್ದರೆ ಅಕ್ಕನ ಮಗಳಲ್ಲೂ ಅದೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಎರಡೂ ಕೆಟ್ಟ ಜೀನ್ ಬರುವ ಸಾಧ್ಯತೆ ಮತ್ತೆ ನಾಲ್ಕರಲ್ಲಿ ಒಂದು. ಪ್ರೋಟೀನ್ ಸಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲದ ಅಂಥ ಕೂಸಿಗೆ ಹುಟ್ಟಿದ ಕೆಲವೇ ಗಂಟೆ, ದಿನಗಳಲ್ಲಿ ಮೈಮೇಲೆ ನೇರಳೆ ಕಲೆಗಳು ಏಳುತ್ತವೆ, ಬೇಗ ಕಪ್ಪಾಗಿ ಹರಡುತ್ತವೆ. ಅದನ್ನು ದೃಷ್ಟಿಯೆಂದು ಇಳಿ ತೆಗೆಯುತ್ತಾ ಕೂರುವಂತಿಲ್ಲ. ತಕ್ಷಣ ಪ್ಲಾಸ್ಮಾ ಕೊಡಬೇಕು, ಸಿಗುವ ಕಡೆ ಪ್ರೋಟೀನ್ ಸಿಯನ್ನೇ ಕೊಡಬೇಕು.

ನಮ್ಮ ಉದಾಹರಣೆಯ ಹೆಣ್ಣುಮಗಳಿಗೆ ಒಬ್ಬಳು ತಂಗಿಯಿದ್ದಾಳೆ, ಐದು ತಿಂಗಳ ಬಸುರಿ. ಅವಳಲ್ಲಿ ಈ ಜೀನ್ ಇರುವ ಸಾಧ್ಯತೆ ಅರ್ಧಕ್ಕರ್ಧ. ಪ್ರೋಟೀನ್ ಎಸ್ ಆಗಿದ್ದರೆ ಹೆರಿಗೆ ಮುಗಿದು ವಾರಗಳು ಕಳೆಯುವವರೆಗೆ ಕಾಯಬೇಕಿತ್ತು. ಪ್ರೋಟೀನ್ ಸಿ ಬಸುರಿನಲ್ಲಿ ಇಳಿಯುವುದಿಲ್ಲ, ಆದ್ದರಿಂದ ಈಗಲೇ ನೋಡಬಹುದು. 100ರ ಆಸುಪಾಸು ಬಂದರೆ ಈ ಚಿಂತೆ ಬಿಡಬಹುದು. 50ರ ಹತ್ತಿರ ಬಂದರೆ ಬಾಣಂತನದ ಇಂಜೆಕ್ಷನ್ ಬಗ್ಗೆ ಹೆರಿಗೆ ವೈದ್ಯರ ಜೊತೆ ಈಗಲೇ ಮಾತಾಡಿ ಇಟ್ಟುಕೊಳ್ಳಬೇಕು.