ಪದ ಪರಿಚಯ: ವಾರಸುದಾರರಿಲ್ಲದ ಠೇವಣಿ

ಅವಧಿ ಮುಗಿದು ಹತ್ತು ವರ್ಷ ಕಳೆದರೂ ಯಾರೂ ಕೇಳಿಕೊಂಡು ಬಾರದ ನಿಶ್ಚಿತ ಠೇವಣಿಗೆ ಬ್ಯಾಂಕಿನವರು ಕೊಡುವ ಹೆಸರು ಇದು. ಹೆಸರು ಕೇಳಿದರೆ ಹಣದ ಒಡೆಯರು ತೀರಿಕೊಂಡಿದ್ದಾರೇನೋ ಅನ್ನಿಸುತ್ತದೆ. ಎಷ್ಟೋ ಸಲ ಅವರು ಅದೇ ಊರಿನಲ್ಲಿ, ಅದೇ ಬ್ಯಾಂಕಿನಲ್ಲಿ ಪ್ರತಿ ತಿಂಗಳು ಪಿಂಚಣಿ ತೆಗೆದುಕೊಂಡು ಆರಾಮವಾಗಿಯೇ ಇರುತ್ತಾರೆ.

ತುಮಕೂರಿನ ಒಬ್ಬ ನಿವೃತ್ತ ಪ್ರೌಢಶಾಲಾ ಮೇಷ್ಟ್ರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮನೆಗೆ ಸುಣ್ಣ ಬಳಿಸುವಾಗ ಬೀರುವಿನ ತಳದಲ್ಲಿದ್ದ ಹಳೆಯ ವಿಮೆ ಪಾಲಿಸಿಗಳ ನಡುವೆ ನಾಲ್ಕು ಮಡಿಕೆಯ ಒಂದು ರಸೀದಿ ಸಿಕ್ಕಿತು. 2003ರ ಮೇ ತಿಂಗಳಲ್ಲಿ ಬಿ.ಎಚ್. ರಸ್ತೆಯ ಶಾಖೆಯಲ್ಲಿ ಮೂರು ವರ್ಷಕ್ಕೆಂದು ಇಟ್ಟ ಇಪ್ಪತ್ತೈದು ಸಾವಿರ ರೂಪಾಯಿ. ಹೆಸರು ಅವರದೂ ಅವರ ಶ್ರೀಮತಿಯವರದೂ. ಕೆಳಗೆ ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು’ ಎಂಬ ಮುದ್ರೆ. ಅದರ ಪಕ್ಕದಲ್ಲಿ ಮೇಷ್ಟ್ರ ಕನ್ನಡ ಸಹಿ. ರಸೀದಿ ಕೊಟ್ಟ ಬ್ಯಾಂಕು ಮಾತ್ರ ಈಗ ಆ ಹೆಸರಿನಲ್ಲಿ ಇಲ್ಲ, ದೊಡ್ಡ ಬ್ಯಾಂಕೊಂದರಲ್ಲಿ ಸೇರಿಹೋಗಿದೆ.

ಲೆಕ್ಕ ಶುರುವಾಗುವುದು ಹಣ ಇಟ್ಟ ದಿನದಿಂದಲ್ಲ, ಠೇವಣಿಯ ಅವಧಿ ಮುಗಿದ ದಿನದಿಂದ. ಮೇಷ್ಟ್ರ ಠೇವಣಿ ಪಕ್ವವಾದದ್ದು 2006ರ ಮೇನಲ್ಲಿ. ಹತ್ತು ವರ್ಷ ತುಂಬಿದ್ದು 2016ರ ಮೇನಲ್ಲಿ. ಹೀಗೆ ಹತ್ತು ವರ್ಷ ತುಂಬಿದ ಹಣವನ್ನು ಬ್ಯಾಂಕು ತನ್ನಲ್ಲಿಯೇ ಇಟ್ಟುಕೊಳ್ಳುವಂತಿಲ್ಲ. ಮುಂದಿನ ತಿಂಗಳ ಕೊನೆಯೊಳಗೆ, ಅಲ್ಲಿಯವರೆಗಿನ ಬಡ್ಡಿಯನ್ನೂ ಸೇರಿಸಿ, ಭಾರತೀಯ ರಿಸರ್ವ್ ಬ್ಯಾಂಕ್ 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳಿಸಬೇಕು. ಎರಡು ವರ್ಷ ವ್ಯವಹಾರ ನಡೆಸದ ಉಳಿತಾಯ ಖಾತೆ ‘ನಿಷ್ಕ್ರಿಯ’ ಆಗುತ್ತದೆಯಲ್ಲ, ಅದು ಬೇರೆ ವಿಷಯ; ಅಲ್ಲಿ ಹತ್ತು ವರ್ಷ ತುಂಬುವವರೆಗೆ ಹಣ ಬ್ಯಾಂಕಿನಲ್ಲೇ ಇರುತ್ತದೆ.

‘ಹತ್ತು ವರ್ಷ ಆದರೆ ಸರ್ಕಾರ ನುಂಗಿಬಿಡುತ್ತದೆ’ ಎಂಬ ಮಾತು ನಮ್ಮ ಕಡೆ ಚೆನ್ನಾಗಿ ಓಡಾಡುತ್ತದೆ. ಅದು ತಪ್ಪು. ನಿಧಿಗೆ ಹೋದ ಮೇಲೂ ಠೇವಣಿದಾರರ ಹಕ್ಕಿಗೆ ಗಡುವಿಲ್ಲ, ಹಣ ಕೊಡುವ ಹೊಣೆಯೂ ಬ್ಯಾಂಕಿನದೇ. ಆದ್ದರಿಂದ ಮೇಷ್ಟ್ರು ರಿಸರ್ವ್ ಬ್ಯಾಂಕಿಗೆ ಅರ್ಜಿ ಬರೆಯುವ ಅಗತ್ಯವೇ ಇಲ್ಲ. ಬ್ಯಾಂಕು ಮೊದಲು ಗ್ರಾಹಕರಿಗೆ ಹಣ ಕೊಟ್ಟು, ಆಮೇಲೆ ತಾನು ನಿಧಿಯಿಂದ ವಾಪಸು ಪಡೆಯುತ್ತದೆ. ‘ನಿಧಿಯಿಂದ ಬರಲಿ, ಆಮೇಲೆ ನೋಡೋಣ ಸಾರ್’ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಈ ಕ್ರಮವನ್ನು ನೆನಪಿಸಬೇಕು.

ಹುಡುಕುವ ಕೆಲಸಕ್ಕೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ಜಾಲತಾಣ ತೆರೆದಿದೆ, ವಿಳಾಸ udgam.rbi.org.in. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿ, ಒಟಿಪಿ ಕೊಟ್ಟು ಒಳಗೆ ಹೋಗಬೇಕು. ಖಾತೆದಾರರ ಹೆಸರು ಬರೆದು, ಬ್ಯಾಂಕು ಆರಿಸಿ, ಜೊತೆಗೆ ಪ್ಯಾನ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಸಂಖ್ಯೆ ಅಥವಾ ಹುಟ್ಟಿದ ದಿನಾಂಕ ಇವುಗಳಲ್ಲಿ ಒಂದನ್ನಾದರೂ ಕೊಡಬೇಕು. ಶುಲ್ಕವಿಲ್ಲ. ಸಿಕ್ಕರೆ ಒಂದು ಉಲ್ಲೇಖ ಸಂಖ್ಯೆ ತೋರಿಸುತ್ತದೆ. ಮೊತ್ತ ತೋರಿಸುವುದಿಲ್ಲ, ಹಣವನ್ನೂ ಅಲ್ಲಿಂದ ಪಡೆಯಲಾಗದು.

ಮೇಷ್ಟ್ರ ಮಗಳು ತಂದೆಯ ಹೆಸರು, ಪ್ಯಾನ್ ಹಾಕಿ ಹುಡುಕಿದರೆ ಏನೂ ಬರಲಿಲ್ಲ. ಇಲ್ಲಿಯೇ ಹಲವರು ಕೈಚೆಲ್ಲುವುದು. ಕಾರಣ ಸಾಮಾನ್ಯವಾಗಿ ಎರಡು. 2003ರಲ್ಲಿ ಸಣ್ಣ ಠೇವಣಿಗೆ ಯಾರೂ ಪ್ಯಾನ್ ಕೊಡುತ್ತಿರಲಿಲ್ಲ, ಹಾಗಾಗಿ ಬ್ಯಾಂಕಿನ ದಾಖಲೆಯಲ್ಲಿ ಅದು ಇರುವುದೇ ಇಲ್ಲ. ಎರಡನೆಯದು ನಮ್ಮ ಹೆಸರುಗಳ ಪಾಡು: ಆಧಾರ್‌ನಲ್ಲಿ ಇನಿಶಿಯಲ್ ಕೊನೆಗೆ, ರಸೀದಿಯಲ್ಲಿ ಮೊದಲಿಗೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ. ರಸೀದಿಯಲ್ಲಿ ಹೇಗಿದೆಯೋ ಹಾಗೆಯೇ ಹೆಸರು ಬರೆದು, ಪ್ಯಾನ್ ಬಿಟ್ಟು ಹುಟ್ಟಿದ ದಿನಾಂಕ ಹಾಕಿದಾಗ ಠೇವಣಿ ಸಿಕ್ಕಿತು. ಆರಿಸಿದ್ದು ಹಳೆಯ ಬ್ಯಾಂಕನ್ನಲ್ಲ, ಅದನ್ನು ಸೇರಿಸಿಕೊಂಡ ಬ್ಯಾಂಕನ್ನು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ರಸೀದಿ ಇದ್ದರೆ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕಿನದಾದರೆ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕಿನದಾದರೆ ಕೆನರಾ ಬ್ಯಾಂಕಿನಲ್ಲಿ ಹುಡುಕಬೇಕು.

ಉದ್ಗಮ್‌ನಲ್ಲಿ ಕಾಣಲಿಲ್ಲ ಎಂದರೆ ಹಣ ಇಲ್ಲ ಎಂದಲ್ಲ. ಅವಧಿ ಮುಗಿದು ಏಳೆಂಟು ವರ್ಷವಷ್ಟೇ ಆಗಿದ್ದರೆ ಠೇವಣಿ ಇನ್ನೂ ಶಾಖೆಯಲ್ಲೇ ಇರುತ್ತದೆ, ಜಾಲತಾಣದಲ್ಲಿ ಬರುವುದಿಲ್ಲ. ಎಲ್ಲ ಸಹಕಾರ ಬ್ಯಾಂಕುಗಳೂ ಅದರಲ್ಲಿಲ್ಲ. ಪತ್ತಿನ ಸಹಕಾರ ಸಂಘದಲ್ಲಿ ಇಟ್ಟ ಹಣಕ್ಕಂತೂ ಈ ಏರ್ಪಾಡೇ ಅನ್ವಯಿಸದು.

ಶಾಖೆಗೆ ಹೋಗುವಾಗ ಮೇಷ್ಟ್ರು ಮೂಲ ರಸೀದಿ, ಆಧಾರ್, ಪ್ಯಾನ್, ಎರಡು ಭಾವಚಿತ್ರ, ಶ್ರೀಮತಿಯವರ ಮರಣ ಪ್ರಮಾಣಪತ್ರ ಮತ್ತು ಉದ್ಗಮ್‌ನ ಉಲ್ಲೇಖ ಸಂಖ್ಯೆ ಬರೆದ ಚೀಟಿ ಒಯ್ದರು. ಮುದ್ರೆಯಲ್ಲಿ ‘ಬದುಕುಳಿದವರು’ ಎಂದಿದ್ದುದರಿಂದ ಉತ್ತರಾಧಿಕಾರ ಪತ್ರದ ಗೋಜು ಬರಲಿಲ್ಲ. ತೊಡಕಾದದ್ದು ಸಹಿಯಲ್ಲಿ. ಪಿಂಚಣಿ ಖಾತೆಗೆ ಅವರು ಇಂಗ್ಲಿಷ್‌ನಲ್ಲಿ ಸಹಿ ಮಾಡುತ್ತಾರೆ, ರಸೀದಿಯ ಕಾಲದ ಮಾದರಿ ಸಹಿ ಕನ್ನಡದ್ದು. ‘ಎರಡೂ ನಿಮ್ಮದೇ ಎಂದು ಒಂದು ಪತ್ರ ಬರೆದುಕೊಡಿ ಸಾರ್, ಗುರುತಿನ ಚೀಟಿ ಇದೆಯಲ್ಲ’ ಎಂದು ಅಧಿಕಾರಿ ದಾರಿ ತೋರಿಸಿದರು. ಕ್ಲೇಮ್ ಅರ್ಜಿ ತುಂಬಿ, ರಸೀದಿಯ ಹಿಂಬದಿಯಲ್ಲಿ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಸಹಿ ಹಾಕಿಕೊಟ್ಟರು. ಅರ್ಜಿಯ ನಕಲಿನ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಂಡು ಬಂದದ್ದು ಮೇಷ್ಟ್ರ ಹಳೆಯ ಅಭ್ಯಾಸ. ಇಂಥ ಕಡೆ ಅದು ಬಹಳ ಒಳ್ಳೆಯ ಅಭ್ಯಾಸ. ರಸೀದಿ ಕಳೆದುಹೋಗಿದ್ದರೂ ಹಕ್ಕು ಹೋಗುವುದಿಲ್ಲ, ಮುಚ್ಚಳಿಕೆ ಪತ್ರ ಬರೆದುಕೊಡಬೇಕಾಗುತ್ತದೆ ಅಷ್ಟೆ.

ಇನ್ನು ಬಡ್ಡಿ. ಹಲವರಿಗೆ ನಿರಾಸೆ ಆಗುವುದು ಇಲ್ಲಿ. ಠೇವಣಿಯ ಒಪ್ಪಂದದ ದರ 2006ಕ್ಕೇ ನಿಂತಿತು. ಅಲ್ಲಿಂದ 2016ರವರೆಗೆ ಸಿಕ್ಕಿದ್ದು ಉಳಿತಾಯ ಖಾತೆಯ ಮಟ್ಟದ ಬಡ್ಡಿ. ಹಾಗೆ ಬೆಳೆದು, 2016ರ ಜೂನ್ ಕೊನೆಗೆ ನಿಧಿಗೆ ಹೋದದ್ದು ನಲವತ್ತು ಸಾವಿರ ಎಂದಿಟ್ಟುಕೊಳ್ಳೋಣ. ನಿಧಿಯಲ್ಲಿದ್ದ ಕಾಲಕ್ಕೆ ರಿಸರ್ವ್ ಬ್ಯಾಂಕ್ ನಿಗದಿ ಮಾಡಿದ ಸರಳ ಬಡ್ಡಿ ಮಾತ್ರ: 2018ರ ಜೂನ್ 30ರವರೆಗೆ ಶೇ. 4, ಅಲ್ಲಿಂದ 2021ರ ಮೇ 10ರವರೆಗೆ ಶೇ. 3.5, ಆಮೇಲೆ ಶೇ. 3. ಮೊದಲ ಎರಡು ವರ್ಷಕ್ಕೆ 3,200 ರೂಪಾಯಿ, ನಂತರದ ಎರಡು ವರ್ಷ ಹತ್ತು ತಿಂಗಳ ಚಿಲ್ಲರೆಗೆ ಸುಮಾರು 4,000, ಅಲ್ಲಿಂದ 2025ರ ಮೇವರೆಗಿನ ನಾಲ್ಕು ವರ್ಷಕ್ಕೆ 4,800. ಒಟ್ಟು ಹನ್ನೆರಡು ಸಾವಿರ. ಮೇಷ್ಟ್ರ ಕೈಗೆ ಬಂದದ್ದು ಐವತ್ತೆರಡು ಸಾವಿರದ ಆಸುಪಾಸು.

ಇಪ್ಪತ್ತೆರಡು ವರ್ಷದಲ್ಲಿ ಇಷ್ಟೇನೇ ಎಂದು ಮೇಷ್ಟ್ರು ಕೇಳಿದ್ದು ನ್ಯಾಯವೇ. ಕಾಲಕಾಲಕ್ಕೆ ನವೀಕರಿಸಿದ್ದರೆ ಇದಕ್ಕಿಂತ ಬಹಳ ಹೆಚ್ಚು ಆಗುತ್ತಿತ್ತು. ಆದರೆ ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಒಟ್ಟು ಮೊತ್ತ ನೋಡಿದರೆ ಸಾಲದು. ನಿಧಿಗೆ ವರ್ಗಾಯಿಸಿದ ದಿನಾಂಕ, ಅಂದಿನ ಮೊತ್ತ, ನಂತರದ ಬಡ್ಡಿ ಇವು ಮೂರನ್ನೂ ಬರಹದಲ್ಲಿ ಕೇಳಿ ಪಡೆಯಬೇಕು. ನಿಧಿಯ ಬಡ್ಡಿಯನ್ನು ಸೇರಿಸಲು ಮರೆತಿದ್ದರೆ ಆಗ ಕೂಡಲೇ ಗೊತ್ತಾಗುತ್ತದೆ. ಲಿಖಿತ ದೂರು ಕೊಟ್ಟು ಮೂವತ್ತು ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪುವಂತಿಲ್ಲದಿದ್ದರೆ, ಮುದ್ರೆ ಹಾಕಿಸಿಕೊಂಡ ಆ ನಕಲಿನ ಸಮೇತ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಅದಕ್ಕೂ ಶುಲ್ಕವಿಲ್ಲ.