ಅಂಡಾಣು ಇಲ್ಲವೋ, ಗರ್ಭಕೋಶ ಇಲ್ಲವೋ?

ಆಲೂರು ಕಡೆಯ ದಂಪತಿಯ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಆಕೆಗೆ 31 ವರ್ಷ, ಮುಟ್ಟು ನಿಂತು ಎರಡು ವರ್ಷವಾಗಿದೆ. ಹಾಸನಾಂಬೆಗೆ ಹರಕೆ ಹೊತ್ತದ್ದೂ ಆಯಿತು, ಹಾಸನದಲ್ಲಿ ರಕ್ತ ಪರೀಕ್ಷೆಯೂ ಆಯಿತು. ತಿಂಗಳ ಅಂತರದಲ್ಲಿ ಎರಡು ಸಲ ನೋಡಿದಾಗಲೂ ಎಫ್‌ಎಸ್‌ಎಚ್ 40 ದಾಟಿತ್ತು. ಅಂಡಾಶಯದಲ್ಲಿ ಅಂಡಾಣು ಬೆಳೆಸಲು ಮಿದುಳಿನ ತಳದ ಗ್ರಂಥಿ ಕಳಿಸುವ ಹಾರ್ಮೋನು ಅದು. ಅಂಡಾಶಯ ಓಗೊಡದಿದ್ದರೆ ಗ್ರಂಥಿ ಇನ್ನಷ್ಟು ಕೂಗುತ್ತದೆ, ಪ್ರಮಾಣ ಏರುತ್ತದೆ.

ಇಂಥ ಹೊತ್ತಿನಲ್ಲಿ ನೆಂಟರು ಬಾಡಿಗೆ ತಾಯಿಯ ಮಾತು ತೆಗೆಯುತ್ತಾರೆ. ಅದು ತಪ್ಪು ದಾರಿ. ಆಕೆಯ ಗರ್ಭಕೋಶ ಸರಿಯಾಗಿಯೇ ಇದೆ, ಇಲ್ಲದಿರುವುದು ಅಂಡಾಣು.

ಇವೆರಡು ಬೇರೆಬೇರೆ ಎಂಬುದು ವೈದ್ಯರಿಗೂ ನಿಧಾನವಾಗಿ ತಿಳಿದ ಸಂಗತಿ. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. ಕೆಲವೇ ತಿಂಗಳಲ್ಲಿ ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿಯವರ ಯತ್ನವೂ ಫಲಿಸಿತು. ದಾನಿಯ ಅಂಡಾಣುವಿನಿಂದ ಮಗು ಹುಟ್ಟಿದ್ದು 1980ರ ದಶಕದಲ್ಲಿ. ಅಂಡಾಶಯ ಕೆಲಸ ನಿಲ್ಲಿಸಿದರೂ ಹಾರ್ಮೋನು ಕೊಟ್ಟರೆ ಗರ್ಭಕೋಶ ಮಗುವನ್ನು ಹೊರಬಲ್ಲದು ಎಂಬುದು ಆಗ ಖಚಿತವಾಯಿತು.

ಆಲೂರಿನ ಮಹಿಳೆಗೂ ಕ್ರಮ ಇದೇ. ಸುಮಾರು ಎರಡು ವಾರ ಈಸ್ಟ್ರೋಜನ್ ಮಾತ್ರೆ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಒಳಪದರ ಏಳೆಂಟು ಮಿಲಿಮೀಟರ್ ದಪ್ಪವಾದದ್ದು ಕಂಡ ಮೇಲೆ ಪ್ರೊಜೆಸ್ಟರಾನ್. ದಾನಿಯ ಅಂಡಾಣು, ಗಂಡನ ವೀರ್ಯ ಸೇರಿಸಿ ಬೆಳೆಸಿದ ಐದು ದಿನದ ಭ್ರೂಣವನ್ನು ಸಪೂರ ಕೊಳವೆಯಲ್ಲಿ ಒಳಗಿಡುತ್ತಾರೆ. ಹೊರುವುದು, ಹೆರುವುದು, ಹಾಲೂಡಿಸುವುದು ಎಲ್ಲವೂ ಆಕೆಯೇ. ಕಾನೂನಿನ ಪ್ರಕಾರ ತಾಯಿಯೂ ಆಕೆಯೇ. ಆದರೆ ಪ್ರತಿ ಯತ್ನವೂ ಕೈಗೂಡುವುದಿಲ್ಲ. ನೆರವಿನ ಸಂತಾನೋತ್ಪತ್ತಿ ಕುರಿತ 2021ರ ಕಾಯ್ದೆಯಂತೆ ದಾನಿ 23ರಿಂದ 35 ವರ್ಷದವಳಾಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಏಳೂ ಭ್ರೂಣವಾಗುವುದು ಅಪರೂಪ. ದಾನಿಯ ದೇಹವನ್ನು ಕಾಯುವ ಈ ಮಿತಿ ನನಗೆ ನ್ಯಾಯವೆಂದೇ ತೋರುತ್ತದೆ.

ಕೊರತೆ ಗಂಡಸಿನಲ್ಲಿದ್ದರೆ ದಾನಿಯ ವೀರ್ಯದ ಅಗತ್ಯ ಈಗ ಮೊದಲಿನಷ್ಟಿಲ್ಲ. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವ ಇಕ್ಸಿ ವಿಧಾನ 1992ರಲ್ಲಿ ಫಲಿಸಿದಂದಿನಿಂದ, ವೃಷಣದಿಂದ ಸೂಜಿಯಲ್ಲಿ ತೆಗೆದ ನಾಲ್ಕಾರು ವೀರ್ಯಾಣುಗಳೂ ಸಾಕಾಗುತ್ತವೆ. ಅಲ್ಲಿಯೂ ಏನೂ ಸಿಗದಿದ್ದರೆ ದಾನಿ.

ಬಾಡಿಗೆ ತಾಯ್ತನ ಬೇಕಾಗುವುದು ಗರ್ಭಕೋಶವೇ ಇಲ್ಲದೆ ಹುಟ್ಟಿದವರಿಗೆ, ಹೆರಿಗೆಯ ರಕ್ತಸ್ರಾವದಲ್ಲಿ ಅದನ್ನು ಕಳೆದುಕೊಂಡವರಿಗೆ, ಬಸಿರನ್ನು ತಡೆಯಲಾರದ ಕಾಯಿಲೆ ಇರುವವರಿಗೆ. ಹಣಕ್ಕಾಗಿ ಹೆರುವುದನ್ನು 2022ರ ಜನವರಿಯಿಂದ ನಿಷೇಧಿಸಲಾಗಿದೆ. 2023ರ ಮಾರ್ಚ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು: ಅಂಡಾಣು, ವೀರ್ಯ ಎರಡೂ ದಂಪತಿಯದ್ದೇ ಆಗಿರಬೇಕು. ಗರ್ಭಕೋಶವೂ ಅಂಡಾಣುವೂ ಇಲ್ಲದ ಹೆಣ್ಣಿಗೆ ಬಾಗಿಲು ಮುಚ್ಚಿತು. ಆ ಹೆಂಗಸರು ನ್ಯಾಯಾಲಯದ ಮೆಟ್ಟಿಲೇರಿದರು. 2024ರ ಫೆಬ್ರವರಿಯಲ್ಲಿ ನಿಯಮ ಸಡಿಲಗೊಂಡು, ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣಪತ್ರ ಕೊಟ್ಟರೆ ಎರಡರಲ್ಲಿ ಒಂದನ್ನು ದಾನಿಯಿಂದ ಪಡೆಯಬಹುದು ಎಂದಾಯಿತು.

ಆಲೂರಿನ ಮಹಿಳೆ ಆ ಮಂಡಳಿಯ ಮುಂದೆ ಹೋಗಬೇಕಿಲ್ಲ. ದಾನಿಯ ಅಂಡಾಣುವಿನ ಬಸಿರಿನಲ್ಲಿ ರಕ್ತದೊತ್ತಡ ಏರುವ ಅಪಾಯ ಹೆಚ್ಚು. ಹಾಗಾಗಿ ಪ್ರತಿ ತಪಾಸಣೆಯಲ್ಲೂ ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿಸಿಕೊಳ್ಳುವುದನ್ನು ಆಕೆ ತಪ್ಪಿಸಬಾರದು.