ಸಂಖ್ಯೆ ಇರುವುದು ಬೇರೆ, ಅದು ಅವರದೇ ಆಗಿರುವುದು ಬೇರೆ: ಕಂಪನಿಯ ವಿಳಾಸ, ಫೋನು, ನೋಂದಣಿ ಪರಿಶೀಲನೆಯ ಟಿಪ್ಪಣಿ

ಈ ಟಿಪ್ಪಣಿಗೆ ಆಧಾರವಾದ ಪ್ರಕರಣ ಇದು. ಕಲಬುರಗಿಯ ನೆಹರು ಗಂಜಿನ ಕಡೆ ಸಣ್ಣ ದಾಲ್ ಮಿಲ್ ನಡೆಸುವ ಹಿರಿಯರೊಬ್ಬರು ಬೇಳೆಯನ್ನು ಬಣ್ಣ ನೋಡಿ ವಿಂಗಡಿಸುವ ಯಂತ್ರ ಕೊಳ್ಳುವವರಿದ್ದರು. ಅವರು ನೋಡಿಟ್ಟಿದ್ದ ಜಾಲತಾಣದಲ್ಲಿ ಕಪನೂರು ಕೈಗಾರಿಕಾ ಪ್ರದೇಶದ ವಿಳಾಸ, ಎರಡು ಫೋನ್ ಸಂಖ್ಯೆ, ‘ಪ್ರೈವೇಟ್ ಲಿಮಿಟೆಡ್’ ಎಂಬ ಹೆಸರು, ಅದರ ಕೆಳಗೆ ಕಂಪನಿಯ ಗುರುತು ಸಂಖ್ಯೆಯಾದ ಸಿಐಎನ್ ಮತ್ತು ಜಿಎಸ್‌ಟಿ ಸಂಖ್ಯೆ ಎಲ್ಲವೂ ಇದ್ದವು. ಮುಂಗಡವಾಗಿ ಅರ್ಧ ಹಣ ಕೇಳಿದ್ದರು. ಎರಡೂ ನೋಂದಣಿ ಸಂಖ್ಯೆಗಳನ್ನು ಸರ್ಕಾರಿ ಜಾಲತಾಣದಲ್ಲಿ ಹಾಕಿದಾಗ ಎರಡೂ ಸಿಕ್ಕವು, ಎರಡರ ಮುಂದೆಯೂ Active ಎಂದೇ ಇತ್ತು. ಪರಿಶೀಲನೆ ಮುಗಿಯಿತು ಎಂದು ಹೆಚ್ಚಿನವರು ನಿಲ್ಲಿಸುವುದು ಇಲ್ಲಿಯೇ. ನಿಜವಾದ ಕೆಲಸ ಆರಂಭವಾಗುವುದೂ ಇಲ್ಲಿಂದಲೇ, ಏಕೆಂದರೆ ಇನ್ನೊಬ್ಬರ ಸರಿಯಾದ ಸಂಖ್ಯೆಯನ್ನು ನಕಲು ಮಾಡಿ ತನ್ನ ಪುಟದಲ್ಲಿ ಹಾಕಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಸಿಐಎನ್: ಓದಲು ಸುಲಭ, ನಂಬಲು ಅಷ್ಟು ಸುಲಭವಲ್ಲ

ಕಂಪನಿ ಕಾಯ್ದೆ 2013ರ ಅಡಿಯಲ್ಲಿ ನೋಂದಣಿಯಾದ ಕಂಪನಿಗೆ 21 ಅಕ್ಷರಗಳ ಗುರುತು ಸಂಖ್ಯೆ ಇರುತ್ತದೆ. ಜಾಲತಾಣವಿರುವ ಕಂಪನಿಯು ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಸಿಐಎನ್, ಫೋನು, ಇಮೇಲ್ ಮತ್ತು ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರನ್ನು ಮುಖಪುಟದಲ್ಲಿಯೇ ತೋರಿಸಬೇಕೆಂದು ಇದೇ ಕಾಯ್ದೆಯ ಕೆಳಗಿನ 2014ರ ನಿಯಮಗಳು ಹೇಳುತ್ತವೆ. ಸಂಖ್ಯೆಯ ರಚನೆ ಹೀಗಿರುತ್ತದೆ. ಸೊನ್ನೆಗಳು ಜಾಗ ತುಂಬಲು ಮಾತ್ರ:

```
U 00000 KA 2019 PTC 000000
```

ಮೊದಲ ಅಕ್ಷರ U ಆಗಿದ್ದರೆ ಷೇರು ಪೇಟೆಯಲ್ಲಿ ಇಲ್ಲದ ಕಂಪನಿ, L ಆಗಿದ್ದರೆ ಇರುವ ಕಂಪನಿ. ಮುಂದಿನ ಐದು ಅಂಕಿಗಳು ಉದ್ಯಮದ ಬಗೆಯನ್ನೂ, ಎರಡು ಅಕ್ಷರಗಳು ರಾಜ್ಯವನ್ನೂ, ನಾಲ್ಕು ಅಂಕಿಗಳು ಕಂಪನಿ ಹುಟ್ಟಿದ ವರ್ಷವನ್ನೂ ತಿಳಿಸುತ್ತವೆ. PTC ಎಂದರೆ ಪ್ರೈವೇಟ್ ಲಿಮಿಟೆಡ್. ‘2004ರಿಂದ ನಿಮ್ಮ ಸೇವೆಯಲ್ಲಿ’ ಎಂದು ಬರೆದುಕೊಂಡವರ ಸಿಐಎನ್‌ನಲ್ಲಿ 2021 ಎಂದಿದ್ದರೆ ಅದೊಂದರಿಂದಲೇ ಅವರನ್ನು ಸುಳ್ಳುಗಾರರೆನ್ನಲಾಗದು, ಏಕೆಂದರೆ ಹಳೆಯ ಅಂಗಡಿಯೊಂದು ತಡವಾಗಿ ಕಂಪನಿಯಾಗಿರಬಹುದು. ಆದರೆ ಆ ಪ್ರಶ್ನೆಯನ್ನು ಅವರಿಗೆ ಕೇಳಲೇಬೇಕು.

ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ Master Data ಎಂಬ ಭಾಗದಲ್ಲಿ ಹುಡುಕಿದರೆ ಹೆಸರು, ಹುಟ್ಟಿದ ದಿನಾಂಕ, ನೋಂದಾಯಿತ ವಿಳಾಸ, ಇಮೇಲ್ ಮತ್ತು ಸ್ಥಿತಿ ಸಿಗುತ್ತವೆ. Strike Off ಎಂದಿದ್ದರೆ ಆ ಕಂಪನಿಯ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಗಿದೆ ಎಂದರ್ಥ. ನಮ್ಮ ಪ್ರಕರಣದಲ್ಲಿ ಹೆಸರು ಅಕ್ಷರಶಃ ಹೊಂದಿತು, ಸ್ಥಿತಿಯೂ ಸರಿಯಾಗಿತ್ತು. ವಿಳಾಸ ಮಾತ್ರ ಬೆಂಗಳೂರಿನದು, ಮತ್ತು ಅಲ್ಲಿದ್ದ ಇಮೇಲ್ ನಮ್ಮ ಮುಂದಿದ್ದ ಜಾಲತಾಣದ ಹೆಸರಿನದಾಗಿರಲಿಲ್ಲ. ನೋಂದಾಯಿತ ಕಚೇರಿ ಒಂದೂರಲ್ಲಿ, ಕಾರ್ಖಾನೆ ಇನ್ನೊಂದೂರಲ್ಲಿ ಇರುವುದು ಸಾಮಾನ್ಯ; ಲೆಕ್ಕಪರಿಶೋಧಕರ ಕಚೇರಿಯ ವಿಳಾಸವನ್ನೇ ಕೊಡುವ ಸಣ್ಣ ಕಂಪನಿಗಳೂ ಇವೆ. ಆದ್ದರಿಂದ ಇದನ್ನು ಸಂಶಯವೆಂದು ಬರೆದಿಟ್ಟುಕೊಂಡು ಮುಂದೆ ಸಾಗಬೇಕು.

ಜಿಎಸ್‌ಟಿ ಸಂಖ್ಯೆಯ ಹೊಟ್ಟೆಯೊಳಗಿನ ಒಂದು ಅಕ್ಷರ

ನನಗೆ ಬಹಳ ಹೊತ್ತು ಹಿಡಿದದ್ದು ಈ ಭಾಗ, ಹಾಗಾಗಿ ಇದನ್ನು ನಿಧಾನವಾಗಿ ಬರೆಯುತ್ತೇನೆ. ಜಿಎಸ್‌ಟಿ ಸಂಖ್ಯೆ 15 ಅಕ್ಷರಗಳದ್ದು. ಮಾದರಿಗೆ ಇದನ್ನು ನೋಡಿ:

```
29 ABCDE1234F 1 Z W
```

ಮೊದಲ ಎರಡು ಅಂಕಿಗಳು ರಾಜ್ಯ: ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಮಹಾರಾಷ್ಟ್ರಕ್ಕೆ 27. ನಂತರದ ಹತ್ತು ಅಕ್ಷರಗಳು ಆ ವ್ಯಾಪಾರದ ಪ್ಯಾನ್ ಸಂಖ್ಯೆಯೇ. ಅದರಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಅದರ ಮುಂದಿನದು ಅದೇ ಪ್ಯಾನ್‌ಗೆ ಆ ರಾಜ್ಯದಲ್ಲಿ ಎಷ್ಟನೆಯ ನೋಂದಣಿ ಎಂಬುದು, ಆಮೇಲೆ ಸಾಮಾನ್ಯವಾಗಿ Z, ಕೊನೆಯದು ಉಳಿದ ಹದಿನಾಲ್ಕನ್ನು ಲೆಕ್ಕ ಹಾಕಿ ಬರುವ ತಾಳೆಯ ಅಕ್ಷರ. ಆ ಲೆಕ್ಕವನ್ನು ಜಿಎಸ್‌ಟಿಯ ಸರ್ಕಾರಿ ಜಾಲತಾಣವೇ ಮಾಡುವುದರಿಂದ ನಾವು ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ನೋಡಬೇಕಾದದ್ದು ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯ ಅಕ್ಷರ. ಅದು ಮಾಲೀಕತ್ವದ ಬಗೆಯನ್ನು ಹೇಳುತ್ತದೆ. C ಎಂದರೆ ಕಂಪನಿ, P ಎಂದರೆ ಒಬ್ಬ ವ್ಯಕ್ತಿ, F ಎಂದರೆ ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿ, H ಎಂದರೆ ಹಿಂದೂ ಅವಿಭಕ್ತ ಕುಟುಂಬ, T ಎಂದರೆ ಟ್ರಸ್ಟ್. ಮೇಲಿನ ಮಾದರಿಯಲ್ಲಿ ಆ ಜಾಗದಲ್ಲಿ D ಇದೆ. ಅಂಥ ಬಗೆ ಇಲ್ಲವಾದ್ದರಿಂದ ಅದು ಯಾರ ಸಂಖ್ಯೆಯೂ ಆಗಲಾರದು. ಪ್ಯಾನ್‌ನ ಐದನೆಯ ಅಕ್ಷರವೂ ಉಪಯೋಗಕ್ಕೆ ಬರುತ್ತದೆ. ಕಂಪನಿಯಾದರೆ ಅದು ಕಂಪನಿಯ ಹೆಸರಿನ ಮೊದಲಕ್ಷರ, ವ್ಯಕ್ತಿಯಾದರೆ ಅಡ್ಡಹೆಸರಿನ ಮೊದಲಕ್ಷರ.

ಇದರ ಪರಿಣಾಮ ದೊಡ್ಡದು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ತನ್ನದೇ ಪ್ಯಾನ್ ಇರುತ್ತದೆ ಮತ್ತು ಅದರ ನಾಲ್ಕನೆಯ ಅಕ್ಷರ C ಆಗಿಯೇ ಇರುತ್ತದೆ. ನಿರ್ದೇಶಕರ ವೈಯಕ್ತಿಕ ಪ್ಯಾನ್ ಮೇಲೆ ಕಂಪನಿಯ ಜಿಎಸ್‌ಟಿ ನೋಂದಣಿ ಆಗುವುದಿಲ್ಲ. ಹೀಗಾಗಿ ಒಂದೇ ಪುಟದಲ್ಲಿ PTC ಇರುವ ಸಿಐಎನ್ ಮತ್ತು ಆರನೆಯ ಜಾಗದಲ್ಲಿ P ಇರುವ ಜಿಎಸ್‌ಟಿ ಸಂಖ್ಯೆ ಒಟ್ಟಿಗೆ ಕಂಡರೆ ಆ ಎರಡು ಸಂಖ್ಯೆಗಳು ಒಂದೇ ಸಂಸ್ಥೆಯವಲ್ಲ. ಇದನ್ನು ತಿಳಿಯಲು ಯಾವ ಜಾಲತಾಣವನ್ನೂ ತೆರೆಯಬೇಕಿಲ್ಲ, ಕಣ್ಣಾಡಿಸಿದರೆ ಸಾಕು. ನನಗೆ ತಿಳಿದಿರುವ ಪರೀಕ್ಷೆಗಳಲ್ಲಿ ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಹೇಳುವುದು ಬೇರೊಂದಿಲ್ಲ.

ಇದರ ವಿರುದ್ಧ ದಿಕ್ಕಿನ ಗೊಂದಲಕ್ಕೂ ಎಚ್ಚರ ಬೇಕು. P ಇದ್ದ ಮಾತ್ರಕ್ಕೆ ವ್ಯಾಪಾರ ಖೋಟಾ ಅಲ್ಲ. ಗಂಜಿನ ಎಷ್ಟೋ ಹಳೆಯ ಅಡತಿ ಅಂಗಡಿಗಳು ಒಬ್ಬ ಮಾಲೀಕರ ಹೆಸರಿನಲ್ಲಿಯೇ ಇವೆ, ಅವು ಕಂಪನಿ ಪಟ್ಟಿಯಲ್ಲಿ ಸಿಗುವುದೂ ಇಲ್ಲ. ತಪ್ಪಿರುವುದು P ಇಟ್ಟುಕೊಂಡು ಪ್ರೈವೇಟ್ ಲಿಮಿಟೆಡ್ ಎಂದು ಹೇಳಿಕೊಳ್ಳುವುದರಲ್ಲಿ.

ನಮ್ಮ ಪ್ರಕರಣದಲ್ಲಿ ಆರನೆಯ ಅಕ್ಷರ P ಆಗಿತ್ತು. ಅದನ್ನು ಖಚಿತಪಡಿಸಿಕೊಳ್ಳಲು services.gst.gov.in ತಾಣದ Search Taxpayer ಭಾಗದಲ್ಲಿ ಸಂಖ್ಯೆ ಹಾಕಿದೆವು. ಇದಕ್ಕೆ ಲಾಗಿನ್ ಬೇಡ. ಅಲ್ಲಿ Legal Name ಮತ್ತು Trade Name ಎಂದು ಎರಡು ಹೆಸರುಗಳು ಬರುತ್ತವೆ. ಮೊದಲನೆಯದು ಪ್ಯಾನ್‌ನಲ್ಲಿರುವ ಹೆಸರು, ಎರಡನೆಯದು ಅಂಗಡಿಗೆ ಇಟ್ಟುಕೊಂಡ ಹೆಸರು. ಮೊದಲನೆಯದರ ಎದುರು ಒಬ್ಬ ವ್ಯಕ್ತಿಯ ಹೆಸರಿತ್ತು, ಎರಡನೆಯದು ಕಂಪನಿಯ ಹೆಸರನ್ನು ಹೋಲುವಂತಿತ್ತು, ಮತ್ತು Constitution of Business ಎಂಬಲ್ಲಿ Proprietorship ಎಂದಿತ್ತು. ಹುಡುಕುವವರು Trade Name ನೋಡಿ ತೃಪ್ತರಾಗುವುದರಿಂದಲೇ ಈ ಬಗೆಯ ಜೋಡಣೆ ನಡೆಯುತ್ತದೆ. ಓದಬೇಕಾದದ್ದು Legal Name.

ಅದೇ ಪುಟದಲ್ಲಿ ನೋಂದಣಿಯ ದಿನಾಂಕ, Cancelled ಅಥವಾ Suspended ಎಂಬ ಸ್ಥಿತಿ, ಮುಖ್ಯ ವ್ಯಾಪಾರ ಸ್ಥಳದ ವಿಳಾಸ ಮತ್ತು ರಿಟರ್ನ್ ಸಲ್ಲಿಸಿದ ದಿನಾಂಕಗಳ ಪಟ್ಟಿಯೂ ಇರುತ್ತವೆ. ಕೆಲವೇ ತಿಂಗಳ ಹಿಂದಿನ ನೋಂದಣಿ, ಖಾಲಿಯಾದ ರಿಟರ್ನ್ ಪಟ್ಟಿ, ದೊಡ್ಡ ಮುಂಗಡ ಈ ಮೂರೂ ಒಟ್ಟಿಗೆ ಬಂದರೆ ವ್ಯವಹಾರ ನಿಲ್ಲಿಸುವುದು ಒಳ್ಳೆಯದು.

ನಮ್ಮ ಗಡಿ ಜಿಲ್ಲೆಗಳಿಗೆ ಮಾತ್ರ ಸಂಬಂಧಿಸಿದ ಒಂದು ಮಾತು. ಬೀದರ, ಕಲಬುರಗಿ, ಯಾದಗಿರಿಗೆ ಹೈದರಾಬಾದಿನಿಂದ ಸರಕು ಬರುವುದು ದಿನನಿತ್ಯದ ಸಂಗತಿ, ಆದ್ದರಿಂದ ಬಿಲ್ಲಿನಲ್ಲಿ 36 ಕಂಡರೆ ಅಚ್ಚರಿಯಿಲ್ಲ. ಆದರೆ ಒಂದೊಂದು ರಾಜ್ಯದ ವ್ಯಾಪಾರ ಸ್ಥಳಕ್ಕೂ ಬೇರೆ ಜಿಎಸ್‌ಟಿ ನೋಂದಣಿ ಇರಬೇಕು. ಕಪನೂರಿನಲ್ಲಿ ನಮ್ಮದೇ ಕಾರ್ಖಾನೆಯಿದೆ ಎನ್ನುವವರು 36ರ ಸಂಖ್ಯೆಯನ್ನು ಮಾತ್ರ ತೋರಿಸಿದರೆ, 29ರಿಂದ ಆರಂಭವಾಗುವ, ನಡುವೆ ಅದೇ ಪ್ಯಾನ್ ಇರುವ ಇನ್ನೊಂದು ಸಂಖ್ಯೆಯನ್ನು ಕೇಳಬೇಕು.

ಫೋನು

ಫೋನಿನಿಂದ ಸಿಗುವ ಸಾಕ್ಷ್ಯ ತೀರ ದುರ್ಬಲ. ಕಲಬುರಗಿಯ ಎಸ್‌ಟಿಡಿ ಕೋಡ್ 08472, ಬೀದರಿನದು 08482, ಯಾದಗಿರಿಯದು 08473. ಮುಂದಿನ ಸೊನ್ನೆಯನ್ನು ಬಿಟ್ಟರೆ ಸ್ಥಿರ ದೂರವಾಣಿಯೂ ಹತ್ತೇ ಅಂಕಿ, ಮೊಬೈಲೂ ಹತ್ತೇ ಅಂಕಿ, ಮತ್ತು ಮೊಬೈಲ್ ಸಂಖ್ಯೆಗಳೂ 8ರಿಂದ ಆರಂಭವಾಗಬಹುದು. 8472ರಿಂದ ಶುರುವಾಗುವ ಮೊಬೈಲ್ ಸಂಖ್ಯೆಯ ನಾಲ್ಕನೆಯ ಅಂಕಿಯ ನಂತರ ಒಂದು ಗೆರೆ ಎಳೆದರೆ ಅದು ನಮ್ಮೂರಿನ ಲ್ಯಾಂಡ್‌ಲೈನಿನಂತೆಯೇ ಕಾಣುತ್ತದೆ. ನಿಜವಾದ ಲ್ಯಾಂಡ್‌ಲೈನನ್ನೂ ಬೇರೆಡೆಗೆ ತಿರುಗಿಸಿಡಬಹುದು. ಕರೆ ಮಾಡಿದಾಗ ಕೇಳಬೇಕಾದ ಉಪಯುಕ್ತ ಪ್ರಶ್ನೆಯೆಂದರೆ, ಹಣ ಹಾಕಬೇಕಾದ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ ಎಂಬುದು. ಕಂಪನಿಯ ಹಣ ಕಂಪನಿಯ ಹೆಸರಿನ ಖಾತೆಗೇ ಹೋಗಬೇಕು.

ವಿಳಾಸ

ಪಿನ್‌ಕೋಡಿನಿಂದ ಆರಂಭಿಸಬಹುದು. ಈ ಮೂರೂ ಜಿಲ್ಲೆಗಳ ಪಿನ್‌ಕೋಡ್ 585ರಿಂದ ಶುರುವಾಗುತ್ತದೆ. ಕಪನೂರು ಎಂದು ಬರೆದು 560ರ ಪಿನ್ ಹಾಕಿದ್ದರೆ ಆ ವಿಳಾಸವನ್ನು ಎಲ್ಲಿಂದಲೋ ಅಂಟಿಸಲಾಗಿದೆ. ನಕ್ಷೆಯಲ್ಲಿನ ಗುರುತನ್ನು ಯಾರು ಬೇಕಾದರೂ ಸೇರಿಸಬಹುದಾದ್ದರಿಂದ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ವಿಳಾಸ ನಮ್ಮೂರಿನದೇ ಆಗಿದ್ದರೆ ಹೋಗಿ ನೋಡುವುದೇ ಮೇಲು. ಅಲ್ಲಿ ನೋಡಬೇಕಾದದ್ದು ಬೋರ್ಡು. ಕಂಪನಿಯು ವ್ಯವಹಾರ ನಡೆಸುವ ಪ್ರತಿ ಕಚೇರಿಯ ಹೊರಗೂ ತನ್ನ ಹೆಸರು ಮತ್ತು ನೋಂದಾಯಿತ ವಿಳಾಸವನ್ನು ಸ್ಥಳೀಯ ಭಾಷೆಯ ಲಿಪಿಯಲ್ಲಿಯೂ ಕಾಣುವಂತೆ ಬರೆಸಬೇಕೆಂದು ಕಂಪನಿ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಜಿಎಸ್‌ಟಿ ನಿಯಮ 18ರ ಪ್ರಕಾರ ಪ್ರವೇಶದ್ವಾರದ ನಾಮಫಲಕದಲ್ಲಿ ಜಿಎಸ್‌ಟಿ ಸಂಖ್ಯೆಯಿರಬೇಕು, ನೋಂದಣಿ ಪ್ರಮಾಣಪತ್ರವನ್ನು ಒಳಗೆ ಎದ್ದು ಕಾಣುವ ಕಡೆ ತೂಗುಹಾಕಿರಬೇಕು. ಹಾಗಾಗಿ ಜಾಲತಾಣದಲ್ಲಿನ ಸಂಖ್ಯೆಯನ್ನು ಬೋರ್ಡಿನ ಮೇಲಿನ ಸಂಖ್ಯೆಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಲು ಬರುತ್ತದೆ. ನಮ್ಮ ಪ್ರಕರಣದ ಪ್ಲಾಟಿನಲ್ಲಿ ಶೆಡ್ ಇತ್ತು, ಕೆಲಸವೂ ನಡೆದಿತ್ತು, ಆದರೆ ಬೋರ್ಡಿನ ಮೇಲಿದ್ದದ್ದು ಸಂಬಂಧವೇ ಇಲ್ಲದ ಇನ್ನೊಂದು ಉದ್ಯಮದ ಹೆಸರು ಮತ್ತು ಸಂಖ್ಯೆ.

ಬೋರ್ಡಿಲ್ಲದ ಗೋದಾಮನ್ನು ತೋರಿಸಿ ‘ಇದು ನಮ್ಮ ಎರಡನೆಯ ಜಾಗ’ ಎನ್ನುವವರೂ ಇರುತ್ತಾರೆ. ಆಗ REG-06 ಎಂಬ ನಮೂನೆಯ ಜಿಎಸ್‌ಟಿ ಪ್ರಮಾಣಪತ್ರವನ್ನು ಅನುಬಂಧಗಳ ಸಮೇತ ಕೇಳಬೇಕು. ಅದರ Annexure A ಯಲ್ಲಿ ಹೆಚ್ಚುವರಿ ವ್ಯಾಪಾರ ಸ್ಥಳಗಳೂ, Annexure B ಯಲ್ಲಿ ಮಾಲೀಕರ ಅಥವಾ ನಿರ್ದೇಶಕರ ಹೆಸರುಗಳೂ ಇರುತ್ತವೆ. ಹಲವರು ಮೊದಲ ಹಾಳೆಯನ್ನು ಮಾತ್ರ ಕಳುಹಿಸುವುದರಿಂದ ಮೂರೂ ಹಾಳೆ ಬೇಕೆಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ದಾಲ್ ಮಿಲ್ಲಿನ ಹಿರಿಯರು ಹಾಗೆ ಕೇಳಿದ ಮೇಲೆ ಆ ಕಡೆಯಿಂದ ಉತ್ತರ ಬರಲಿಲ್ಲ, ಮುಂಗಡವೂ ಹೋಗಲಿಲ್ಲ.